ಪೈಪಿನ ಕುತ್ತಿಗೆ ಹಿಸುಕಿದ ಪೈಲವಾನ

ಹುನ್ನೂರಿನ ಹಣಮಂತ ಪೈಲವಾನನ ಕೈಗೆ ಸಿಕ್ಕಿ ಜೀವ ಉಳಿಸಿಕೊಂಡ ನಟ್ಟು ಜಮಖಂಡಿ ಸುತ್ತಮುತ್ತ ಹುಡುಕಿದರೂ ಸಿಗುವುದು ಕಷ್ಟ. ತೇರದಾಳದಲ್ಲಿ ಅವನು ಒಂದು ನಲ್ಲಿಯ ರುಂಡವನ್ನು ಮುಂಡದಿಂದ ಬೇರ್ಪಡಿಸಿ ಮನೆಯ ಯಜಮಾನನ ಕೈಗೇ ಕೊಟ್ಟಿದ್ದ. ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕುವ ಮನೆಯೊಂದರಲ್ಲಿ ವಾಲ್ವ್ ಬಿಗಿಮಾಡಲು ಹೋಗಿ, ವಾಲ್ವನ್ನೂ ಅದು ಕೂತಿದ್ದ ಗೋಡೆಯ ತುಂಡನ್ನೂ ಒಟ್ಟಿಗೆ ಕಿತ್ತು, ಮೈಯೆಲ್ಲ ನೀಲಿಯಾಗಿ ಹೊರಬಂದಿದ್ದ. ಸೋರಿದರೆ ಬಿಗಿ ಮಾಡು. ಇನ್ನೂ ಸೋರಿದರೆ ಇನ್ನೂ ಬಿಗಿ ಮಾಡು. ನಟ್ಟು ಕಿರುಚಿತೆಂದರೆ ಕೆಲಸ ಮುಗಿಯಿತು. ಫಿಟರ್ ಕೆಲಸದಲ್ಲಿ ಅವನು ಕಲಿತ ಶಾಸ್ತ್ರ ಇಷ್ಟೇ.

ಈ ಶಾಸ್ತ್ರ ಅವನಿಗೆ ಕುಸ್ತಿಯಿಂದ ಬಂದದ್ದು. ಕುಸ್ತಿ ಅವನನ್ನು ಬಿಟ್ಟದ್ದೂ ಇದರಿಂದಲೇ. ಹರೆಯದಲ್ಲಿ ಮುಧೋಳದ ಕಣದಲ್ಲಿ ರಾಮಣ್ಣನೆಂಬ ಜಟ್ಟಿಯನ್ನು ಎತ್ತಿ ಒಗೆದು ಚಿತ್ ಮಾಡಿದ್ದ. ಬೆನ್ನು ಮಣ್ಣಿಗೆ ಹತ್ತಿತು, ಹಲಗೆಯ ಬಡಿತ ನಿಂತಿತು, ಜನ ರುಮಾಲು ಹಾರಿಸಿದರು. ಹಣಮಂತ ಮಾತ್ರ ನಿಲ್ಲಲಿಲ್ಲ. ಗೆಲುವು ಗಟ್ಟಿಯಾಗಲಿ ಎಂದು ಮತ್ತೊಮ್ಮೆ ಒತ್ತಿದ. ರಾಮಣ್ಣನ ಕತ್ತಿನ ಕೆಳಗಿನ ಎಲುಬು ಕಬ್ಬು ಮುರಿದಂತೆ ಲಟಕ್ಕೆಂದಿತು. ಉಸ್ತಾದರು ಅದೇ ಕಣದಲ್ಲಿ ಹಣಮಂತನ ಬೆನ್ನ ಮೇಲೆ ಬಡಿಗೆ ಮುರಿದು ಅವನನ್ನು ಗರಡಿಮನೆಯಿಂದ ಹೊರಗಟ್ಟಿದರು. ಇವನು ನಟ್ಟು ತಿರುಗಿಸುವ ಪಾನಾ ಹಿಡಿದು ಫಿಟರ್ ಆದ. ಒಂದು ಭುಜ ಇಳಿಬಿದ್ದ ರಾಮಣ್ಣ ಗ್ಯಾಸ್ ಏಜೆನ್ಸಿ ಸೇರಿ, ಹೋಟೆಲುಗಳ ಗ್ಯಾಸ್ ಪೈಪು ಪರೀಕ್ಷಿಸುವವನಾದ.

ಇಬ್ಬರೂ ಮತ್ತೆ ಎದುರಾದದ್ದು ಹಣಮಂತನ ಅಕ್ಕ ಹಾಲವ್ವನ ಖಾನಾವಳಿಯಲ್ಲಿ.

ಜಮಖಂಡಿ ಬಸ್ ಸ್ಟ್ಯಾಂಡಿನ ಹಿಂದೆ ಖಾನಾವಳಿ ನಡೆಸುವ ಹಾಲವ್ವ ತಮ್ಮನ ಮಾತು ನಂಬಿ ಕಟ್ಟಿಗೆ ಒಲೆಗಳನ್ನೆಲ್ಲ ಒಡೆಸಿ ಹಾಕಿದ್ದಳು. ಇನ್ನು ಮುಂದೆ ಹೊರಗಿನ ಪಂಜರದಲ್ಲಿ ಸಿಲಿಂಡರು, ಒಳಗೆ ಮೂರು ದೊಡ್ಡ ಒಲೆ, ನಡುವೆ ತಾಮ್ರದ ಪೈಪು. ಪೈಪು ಜೋಡಿಸಿದವನು ಹಣಮಂತ. ಏಜೆನ್ಸಿಯವರು ಪರೀಕ್ಷೆ ಮಾಡಿ ಒಪ್ಪಿದರೆ ಮಾತ್ರ ಸಿಲಿಂಡರು ಬರುತ್ತದೆ. ಬಾರದಿದ್ದರೆ ಮರುದಿನ ಬೆಳಗ್ಗೆ ರೊಟ್ಟಿಯಿಲ್ಲ, ಪಲ್ಯವಿಲ್ಲ, ಗಿರಾಕಿಗಳೆಲ್ಲ ಎದುರಿನ ಖಾನಾವಳಿಗೆ.

"ಇದೇನರ ಕೆಟ್ಟಿತಂದ್ರ ಹಣಮ್ಯಾ, ಈ ಹೊಸ್ತಲಾ ದಾಟಿ ಉಣ್ಣಾಕ ಬರಬ್ಯಾಡ ನೀ," ಎಂದು ಅಕ್ಕ ಸಾರು ಕಲಕುವ ಹುಟ್ಟು ಎತ್ತಿ ಹೇಳಿದ್ದಳು. ಹೆಂಡಿರು ಮಕ್ಕಳಿಲ್ಲದೆ, ಎರಡು ಹೊತ್ತೂ ಅಲ್ಲೇ ರೊಟ್ಟಿಯ ಗೋಪುರ ಕೆಡವುವ ಪೈಲವಾನನಿಗೆ ಇದು ಗಡೀಪಾರಿನ ಶಿಕ್ಷೆ.

ಮಧ್ಯಾಹ್ನ ರಾಮಣ್ಣ ಬಂದ. ಇಳಿಬಿದ್ದ ಭುಜ, ಕೈಯಲ್ಲಿ ಗಾಳಿ ಪಂಪು, ಒತ್ತಡದ ಮೀಟರು, ಸಾಬೂನು ನೀರಿನ ಡಬ್ಬಿ. ಹಣಮಂತನನ್ನು ನೋಡಿ ಅವನ ಮುಖ ಹುಳಿ ಮಜ್ಜಿಗೆ ಕುಡಿದಂತಾಯಿತು. ಖಾಲಿ ಪೈಪಿಗೆ ಗಾಳಿ ತುಂಬಿದ. ಮೀಟರಿನ ಮುಳ್ಳು ಏರಿತು, ಏರಿದ್ದು ಜಾರಿತು. ಒಲೆಯ ಪಕ್ಕದ ಮೂರೂ ಜೋಡಣೆಗಳಿಗೆ ಬ್ರಷ್ಷಿನಿಂದ ನೊರೆ ಬಳಿದ. ಮೂರೂ ಕಡೆ ಗುಳ್ಳೆಗಳು ಮೆರವಣಿಗೆ ಹೊರಟವು.

"ಸೋರಾಕತ್ತೈತಿ."

"ಹಾಂಗಾರ ಬಿಗಿ ಮಾಡ್ತೇನಿ!" ಹಣಮಂತ ಪಾನಾ ಎತ್ತಿಕೊಂಡು ನುಗ್ಗಿದ. ತೋಳು ಉಬ್ಬಿತು, ಹಲ್ಲು ಕಡಿದ, ನಟ್ಟು ಕಿರುಚಿತು. ಗುಳ್ಳೆ ಇನ್ನೂ ದಪ್ಪವಾದವು. ಎರಡನೆಯ ನಟ್ಟಿಗೆ ಹಾರಿದ. ಅದು ಟಪ್ಪೆಂದು ಸೀಳಿತು.

"ಬಿಡಲೇ, ಸತ್ತಮ್ಯಾಲೂ ಬಡಿಯೂದು ಬಿಡವಲ್ಲಿ ನೀ!" ಎಂದು ರಾಮಣ್ಣ ಪಾನಾಕ್ಕೆ ಕೈ ಹಾಕಿದ.

"ಹಳೇ ಸೇಡು ತೀರಿಸಾಕ ಬಂದೀ ಏನಲೇ?"

"ಹೂಂ, ಈಗ ತೀರಸ್ತೇನಿ ನೋಡು!"

ರಾಮಣ್ಣನ ಗುದ್ದು ಮೂಗಿನ ಮೇಲೆ ನೇರವಾಗಿ ಇಳಿಯಿತು. ರಕ್ತ ಮೀಸೆ ದಾಟಿ ಬಾಯಿಗೆ ಬಂತು. ಹಣಮಂತ ಅವನನ್ನು ನಡು ಹಿಡಿದೆತ್ತಿ ಜೋಳದ ಹಿಟ್ಟಿನ ಚೀಲದ ಮೇಲೆ ಒಗೆದ. ಚೀಲ ಒಡೆದು ಅಡಿಗೆಮನೆಯೆಲ್ಲ ಮಂಜು ಕವಿಯಿತು. ಮಂಜಿನೊಳಗಿನಿಂದ ಹಿಟ್ಟು ನಾದುವ ಒಂದು ಹಿತ್ತಾಳೆ ಪರಾತ ಹಾರಿಬಂದು ಹಣಮಂತನ ಹಣೆಗೆ ಗಂಟೆ ಬಾರಿಸಿತು. ಖಾರದ ಡಬ್ಬಿ ಉರುಳಿತು. ಸೀನು, ಬೈಗುಳ, ಗುದ್ದು ಒಂದರ ಮೇಲೊಂದು ಬಿದ್ದವು. ರಾಮಣ್ಣ ಕಿವಿ ಕಚ್ಚಿದ. ಹಣಮಂತ ಅವನನ್ನು ಬೋರಲು ಕೆಡವಿ, ಹೊರಳಿಸಿ, ಎದೆಯ ಮೇಲೆ ಕೂತ. ರಾಮಣ್ಣನ ಬೆನ್ನು ನೆಲಕ್ಕೆ ಹತ್ತಿತು. ಹಣಮಂತನ ಅಂಗೈ ಹಳೆಯ ಗಾಯದ ಎಲುಬಿನ ಮೇಲೆಯೇ ಬಂದು ಕೂತಿತ್ತು.

"ಒತ್ತು," ಎಂದ ರಾಮಣ್ಣ ಏದುಸಿರು ಬಿಡುತ್ತಾ. "ಚಿತ್ ಆದಮ್ಯಾಲೆ ಒತ್ತೂದು ನಿನಗ ಹೊಸಾದೇನ? ಪೈಪಿಗೂ ಅದನ್ನ ಮಾಡೀ."

ಅಷ್ಟರಲ್ಲಿ ಹಾಲವ್ವನ ಹುಟ್ಟು ಇಬ್ಬರ ಮೇಲೂ ಪಕ್ಷಪಾತವಿಲ್ಲದೆ ಸುರಿಯತೊಡಗಿತು. "ನನ್ನ ಹಿಟ್ಟು! ನನ್ನ ಖಾರ! ಏಳ್ರೋ ಮುಕಳ್ಯಾಗ ಕೊಬ್ಬು ತುಂಬಿದ ಕೋಣಗೋಳ್ರಾ!"

ಕೋಣಗಳು ಎದ್ದವು. ರಾಮಣ್ಣ ರಕ್ತ ಉಗುಳಿ, ಕಟರ್ ತೆಗೆದು ಒಂದು ಜೋಡಣೆಯ ಹಿಂದೆ ಪೈಪು ಕತ್ತರಿಸಿ, ನಟ್ಟು ಸರಿಸಿ ಹಣಮಂತನ ಮುಖಕ್ಕೆ ಹಿಡಿದ. ನಟ್ಟಿನೊಳಗೆ ಪೈಪಿನ ಸುತ್ತ ಕೂಡುವ ಹಿತ್ತಾಳೆಯ ಸಣ್ಣ ಉಂಗುರ, ಅಂಗಡಿಯವರು ಆಲಿವ್ ಎನ್ನುವುದು, ಪೈಪಿನ ಮೈಯನ್ನು ಕಚ್ಚಿ ಇಳಿದುಬಿಟ್ಟಿತ್ತು. ಪೈಪಿನ ಕುತ್ತಿಗೆ ಹಿಸುಕಿ ಸಣ್ಣದಾಗಿತ್ತು, ಉಂಗುರ ಸೊಟ್ಟಾಗಿತ್ತು.

"ಈ ಉಂಗುರ ಎದುರಿನ ಜೋಡಣಿಯ ಇಳಿಜಾರು ಬಾಯಾಗ ಸುತ್ತಲೂ ಸಮ ಕುಂತು, ಪೈಪನ್ನ ಒಂಚೂರು ಕಚ್ಚಿ ಹಿಡೀಬೇಕು. ಅಷ್ಟಾದ್ರ ಅದು ಚಿತ್. ಕುಸ್ತಿ ಮುಗೀತು. ಆಮ್ಯಾಲೂ ಒತ್ತಿದ್ರ ಪೈಪು ಒಳಗ ಕುಸಿತೈತಿ, ಉಂಗುರ ಸೊಟ್ಟ ಆಕ್ಕೈತಿ, ಅದರ ಸಂದ್ಯಾಗಿಂದ ಗಾಳಿ ಹೊರಗ ಬರ್ತೈತಿ. ನೀ ಬಿಗಿ ಮಾಡಿದಷ್ಟೂ ಸೋರ್ತೈತಿ."

ಹಣಮಂತ ತುಂಡನ್ನು ನೋಡಿದ. ಆಮೇಲೆ ರಾಮಣ್ಣನ ಇಳಿಬಿದ್ದ ಭುಜ ನೋಡಿದ. ಮೂಗಿನ ರಕ್ತ ಒರೆಸಿಕೊಂಡು, "ಖರೆ ಐತಿ," ಎಂದ. ಜೀವಮಾನದಲ್ಲಿ ಮೊದಲ ಸಲ ಅವನ ದನಿ ತಗ್ಗಿತ್ತು.

"ಪರೀಕ್ಷಾ ಮಾಡಾಂವ ನಾ, ಜೋಡಸಾಂವ ನೀ. ಸಂಜೀತನಕ ನಿಂದರ್ತೇನಿ," ಎಂದು ರಾಮಣ್ಣ ಒಡೆದ ಚೀಲದ ಮೇಲೆ ಕೂತ.

ಅಲ್ಲಿಂದ ಶುರುವಾಯಿತು ಹಣಮಂತನ ನಿಜವಾದ ಯುದ್ಧ. ಪುಣ್ಯಕ್ಕೆ ಪೈಪು ಗೇಣುದ್ದ ಹೆಚ್ಚಿಗೆ ಬಿಟ್ಟಿದ್ದ. ಕೆಟ್ಟ ತುದಿಗಳನ್ನೆಲ್ಲ ಕಟರಿನಿಂದ ನೇರವಾಗಿ ಕತ್ತರಿಸಿದ. ಒಳಗೂ ಹೊರಗೂ ಚೂಪು ಅಂಚು ಕೆರೆದು ಒರೆಸಿದ. ಮೊದಲು ಹೊಸ ನಟ್ಟು, ಆಮೇಲೆ ಹೊಸ ಉಂಗುರ. ಸೊಟ್ಟಾದವನ್ನು ಮತ್ತೆ ಮುಟ್ಟಲಿಲ್ಲ. ಪೈಪು ಜೋಡಣೆಯ ತಳಕ್ಕೆ ತಾಕುವತನಕ ಒಳಗೆ ತಳ್ಳಿ, ಬೆರಳಿನಿಂದ ನಟ್ಟು ತಿರುಗಿಸಿದ. ಬೆರಳು ಸೋತಲ್ಲಿ ನಟ್ಟಿಗೂ ಜೋಡಣೆಯ ನಡುಭಾಗಕ್ಕೂ ಸೇರಿಸಿ ಇದ್ದಿಲಿನಿಂದ ಗೆರೆ ಎಳೆದ. ಒಂದು ಪಾನಾದಿಂದ ನಡುಭಾಗ ಹಿಡಿದು, ಇನ್ನೊಂದರಿಂದ ನಟ್ಟನ್ನು ಒಂದು ಸುತ್ತು ತಿರುಗಿಸಿದ. ಗೆರೆ ಗೆರೆಗೆ ಬಂತು.

ತೋಳು ಕೇಳಲಿಲ್ಲ. ಇನ್ನೊಂದು ಕೊಡು ಎಂದು ಒದರಿತು. ಕುತ್ತಿಗೆಯ ನರ ಹುರಿಗಟ್ಟಿದವು, ಹಣೆಯಿಂದ ಇಳಿದ ಬೆವರು ಮುಖಕ್ಕೆ ಮೆತ್ತಿದ್ದ ಹಿಟ್ಟಿನಲ್ಲಿ ಕಾಲುವೆ ತೋಡಿತು. ಹಣಮಂತ ಬಲಗೈಯನ್ನು ಎಡಗೈಯಿಂದ ಹಿಡಿದು ಪಾನಾದಿಂದ ಕಿತ್ತು ತೆಗೆದ. ಇಂಥ ಜಟ್ಟಿ ಅವನಿಗೆ ಯಾವ ಕಣದಲ್ಲೂ ಸಿಕ್ಕಿರಲಿಲ್ಲ.

ರಾಮಣ್ಣ ಗಾಳಿ ತುಂಬಿದ, ನೊರೆ ಬಳಿದ. ಎರಡು ಜೋಡಣೆ ತೆಪ್ಪಗಿದ್ದವು. ಮೂರನೆಯದರಲ್ಲಿ ಒಂದೇ ಒಂದು ಗುಳ್ಳೆ, ಸಾಸಿವೆಯಷ್ಟು.

"ಒಂಚೂರು," ಎಂದ ರಾಮಣ್ಣ. "ಉಗುರಿನಷ್ಟು."

ಹಣಮಂತ ಉಗುರಿನಷ್ಟೇ ಕೊಟ್ಟ. ಗುಳ್ಳೆ ನಿಂತಿತು. ಮೀಟರಿನ ಮುಳ್ಳನ್ನು ಮೂವರೂ ಉಸಿರು ಹಿಡಿದು ಕಾದರು. ಅದು ಅಲ್ಲಾಡಲಿಲ್ಲ.

ಹುಟ್ಟು ಹಿಡಿದೇ ನಿಂತಿದ್ದ ಹಾಲವ್ವ ಖುಷಿಯಿಂದ ಇನ್ನೊಂದು ಕೈಯಲ್ಲಿ ಪಾನಾ ಎತ್ತಿಕೊಂಡಳು. "ತಡೀರಿ, ನನ್ನ ಕೈಲೂ ಇನ್ನೊಂದ ಸುತ್ತ ಹಾಕ್ತೇನಿ. ಗಟ್ಟಿ ಆಗ್ಲಿ."

"ಯಕ್ಕಾ!" "ಹಾಲವ್ವಾರ!" ಎಂದು ಇಬ್ಬರು ಪೈಲವಾನರೂ ಏಕಕಾಲಕ್ಕೆ ಅವಳ ಮೇಲೆ ಹಾರಿದರು. ಪಾನಾ ಕಸಿದುಕೊಳ್ಳುವಷ್ಟರಲ್ಲಿ ಹಣಮಂತನ ತಲೆಗೆ ಎರಡು, ರಾಮಣ್ಣನ ಒಳ್ಳೆಯ ಭುಜಕ್ಕೆ ಒಂದು ಹುಟ್ಟಿನೇಟು ಬಿದ್ದವು.

ಮರುದಿನ ಮೂರೂ ಒಲೆಗಳು ನೀಲಿಯಾಗಿ ಉರಿದವು. ಹೊಸ್ತಿಲೊಳಗೆ ಮೊದಲ ಪಂಕ್ತಿಯಲ್ಲೇ, ಊದಿದ ಮೂಗಿನ ಹಣಮಂತನೂ ಸೀಳಿದ ತುಟಿಯ ರಾಮಣ್ಣನೂ ಅಕ್ಕಪಕ್ಕ ಕೂತು, ಒಬ್ಬರ ತಟ್ಟೆಯ ರೊಟ್ಟಿ ಇನ್ನೊಬ್ಬರು ಕಸಿಯುತ್ತಾ ಉಣ್ಣುತ್ತಿದ್ದರು.