ದಿನಾ ಬಂದು ನೋಡಿ ಹೋಗುವವರು

ಆಫೀಸಿನಲ್ಲಿ ಅವಳನ್ನು ಎಲ್ಲರೂ ರೇಟಕ್ಕ ಎನ್ನುತ್ತಿದ್ದರು. ಫ್ಯಾನು, ಮಿಕ್ಸಿ, ಹೊಲಿಗೆ ಮೆಷಿನ್ನು ಮಾರುವ ದೊಡ್ಡ ಅಂಗಡಿಯ ಮಹಡಿಯಲ್ಲಿ, ಗೋದಾಮಿನ ಗೋಡೆಗೆ ತಾಗಿದ ಕೋಣೆಯಲ್ಲಿ ಅವಳ ಮೇಜು. ಬೇರೆ ಅಂಗಡಿಯವರು ತಮ್ಮ ವೆಬ್‌ಸೈಟಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದ ಬೆಲೆಗಳಲ್ಲಿ ಏನೇನು ಬದಲಾಗಿದೆ ಎಂದು ಯಜಮಾನರಿಗೆ ತಿಳಿಸುವುದು ಅವಳ ಕೆಲಸ.

ನೋಡುವುದೇನೋ ಒಂದು ಪ್ರೋಗ್ರಾಮು. ಬೆಳಕು ಹರಿಯುವ ಹೊತ್ತಿಗೆ ಅದು ತಾನಾಗಿ ಪುಟಗಳನ್ನು ತೆರೆದು, ಬೆಲೆಯನ್ನೂ ಸ್ಟಾಕನ್ನೂ ಬರೆದುಕೊಂಡು, ನಿನ್ನೆಯದರ ಜೊತೆ ಹೋಲಿಸಿ ಇಡುತ್ತಿತ್ತು. ಆದರೆ ಅದನ್ನು ಕಣ್ಣುಮುಚ್ಚಿ ನಂಬುವಂತಿರಲಿಲ್ಲ. ಒಮ್ಮೊಮ್ಮೆ ತಿಂಗಳ ಕಂತನ್ನೇ ಪೂರ್ತಿ ಬೆಲೆ ಎಂದುಕೊಳ್ಳುತ್ತಿತ್ತು. ತೆರೆಯದ ಪುಟಕ್ಕೆ 'ಬದಲಾವಣೆ ಇಲ್ಲ' ಎನ್ನದೆ 'ಓದಲಾಗಲಿಲ್ಲ' ಎಂದೇ ಬರೆಯುವಂತೆ ಅವಳು ಪಟ್ಟು ಹಿಡಿದು ಮಾಡಿಸಿದ್ದಳು. ಅನುಮಾನ ಬಂದದ್ದನ್ನು ಕೈಯಾರೆ ತೆರೆದು ನೋಡಿ, ಅಂಗಡಿ ಬಾಗಿಲು ತೆಗೆಯುವ ಮೊದಲೇ ಸಾರಾಂಶ ಕಳಿಸಬೇಕು. ವರ್ಷಗಟ್ಟಲೆ ಇದೇ ಪಾಡು. ತರಕಾರಿ ಕೊಳ್ಳುವಾಗಲೂ "ನಿನ್ನೆಗಿಂತ ಎಷ್ಟು ಏರಿದೆ?" ಎಂದು ಬಾಯಿಗೆ ಬಂದುಬಿಡುತ್ತಿತ್ತು. ಗಂಡ ನಗುತ್ತಿದ್ದ. ಅವಳಿಗೆ ನಗುವಷ್ಟು ತ್ರಾಣ ಉಳಿದಿರುತ್ತಿರಲಿಲ್ಲ.

ಒಮ್ಮೆ ಹೀಗೆ ತಲೆ ತಿಂದದ್ದು ಒಂದು ಹೊಲಿಗೆ ಮೆಷಿನ್. ಹಳೆಯ ಬೀದಿಯಲ್ಲಿ ಮೆಷಿನ್ ರಿಪೇರಿ ಮಾಡುವ ಮುದುಕರೊಬ್ಬರು ಅದೇ ಮಾಡೆಲ್ ಮಾರುತ್ತಿದ್ದರು. ಎರಡೂ ಅಂಗಡಿಗಳಲ್ಲಿ ಸಿಗುವ ಮಾಲು ಅದೊಂದೇ. ಪ್ರೋಗ್ರಾಮು ಅವರ ಸೈಟಿನಲ್ಲಿ ಆ ಒಂದೇ ಪುಟ ನೋಡುತ್ತಿತ್ತು. ಅವರು ಬೆಲೆ ಇಳಿಸಿದರು. ಯಜಮಾನರೂ ಇಳಿಸಿದರು. ಅವರು ಮತ್ತೆ ಇಳಿಸಿದರು.

"ಆ ಮನುಷ್ಯನಿಗೇನು ಹುಚ್ಚಾ? ಹೀಗೇ ಹೋದ್ರೆ ನಮಗೆ ಅಸಲೂ ಗಿಟ್ಟಲ್ಲ," ಎಂದರು ಯಜಮಾನರು. "ಸರಿಯಾಗಿ ನೋಡಿದ್ಯೇನಮ್ಮ?"

"ನಾನೇ ಪುಟ ತೆರೆದು ನೋಡಿದೀನಿ ಸಾರ್. ಬೆಲೆ ಅದೇ. ಸ್ಟಾಕೂ ಇದೆ ಅಂತ ತೋರಿಸ್ತಿದೆ."

"ನಿಜವಾಗ್ಲೂ ಇದೆಯಾ, ಹೋಗಿ ನೋಡ್ಕೊಂಡು ಬಾ."

ಸಂಜೆ ಕಾಲೆಳೆದುಕೊಂಡು ಹೋದಳು. ಇಕ್ಕಟ್ಟಾದ ಅಂಗಡಿ, ಎಣ್ಣೆಯ ವಾಸನೆ. ಮೆಷಿನ್ ಪ್ಲಾಸ್ಟಿಕ್ ಹೊದ್ದು ಮುಂದೆಯೇ ಕೂತಿತ್ತು. ಮುದುಕರು ಸ್ಟೂಲು ಎಳೆದು ಕೂರಿಸಿದರು.

"ಇಷ್ಟು ಕಡಿಮೆಗೆ ಹೇಗಣ್ಣ ಕೊಡ್ತೀರಿ?" ಎಂದು ಕೇಳಿದಳು.

"ಅದು ಒಬ್ರಿಗೋಸ್ಕರ ಇಳಿಸಿದ್ದಮ್ಮ. ನಮ್ಮ ಸೈಟಿಗೆ ನರಪಿಳ್ಳೆಯೂ ಬರಲ್ಲ. ಯಾರು ಯಾವಾಗ ಬಂದ್ರು ಅಂತ ನೋಡೋದನ್ನ ಮಗಳು ಕಲಿಸಿಕೊಟ್ಟಿದಾಳೆ. ಇದೊಂದು ಜೀವ ಮಾತ್ರ ದಿನಾ ಬೆಳಗಿನ ಜಾವ ಬಂದು, ಈ ಮೆಷಿನ್ನೊಂದನ್ನೇ ನೋಡಿ ಹೋಗತ್ತೆ. ಯಾರೋ ಹೆಣ್ಣುಮಗಳು, ಮನೆಯವರು ಏಳೋ ಮೊದಲು ಆಸೆಯಿಂದ ನೋಡ್ತಾಳೆ, ದುಡ್ಡು ಸಾಲದೆ ಸುಮ್ಮನಾಗ್ತಾಳೆ ಅನ್ಕೊಂಡೆ. ನಮ್ಮ ಮನೆಯವಳೂ ಮದುವೆಗೆ ಮುಂಚೆ ಹೀಗೇ ಅಂಗಡಿ ಗಾಜಿನ ಹೊರಗೆ ನಿಂತು ನೋಡ್ತಿದ್ಳಂತೆ."

ಬಂದು ಹೋಗುವುದು ಯಾರೆಂದು ಅವಳಿಗೆ ಗೊತ್ತಾಯಿತು. ಸುಮ್ಮನೆ ಎದ್ದುಹೋಗಬಹುದಿತ್ತು, ಮನಸ್ಸು ಒಪ್ಪಲಿಲ್ಲ.

"ಅದು ಹೆಣ್ಣುಮಗಳಲ್ಲಣ್ಣ. ನಾವೂ ಇದೇ ಮೆಷಿನ್ ಮಾರೋರು, ಅದು ನಮ್ಮ ಆಫೀಸಿನ ಪ್ರೋಗ್ರಾಮು. ಬೆಲೆ ನೋಡೋಕೆ ಬರತ್ತೆ."

ಮುದುಕರು ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದರು, ಮತ್ತೆ ಬಿಡಿಸಿದರು.

"ಹಾಗಾದ್ರೆ ಅಲ್ಲಿ ಯಾರೂ ಇಲ್ವಾ?"

"ನಾನಿದೀನಿ. ಅದು ತಂದಿದ್ದನ್ನ ಓದೋಳು ನಾನೇ."

"ನಿಮಗೇನಾದ್ರೂ ಮೆಷಿನ್ ಬೇಕಿತ್ತಾ?"

"ನನಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ."

ಅವರು ನಕ್ಕರು, ಅರ್ಧಕ್ಕೇ ನಿಲ್ಲಿಸಿದರು. ಇನ್ನು ಮುಂದೆ ಯಾರು ಎಷ್ಟಕ್ಕೆ ಮಾರಬೇಕು ಎಂಬ ಮಾತನ್ನು ಇಬ್ಬರೂ ಎತ್ತಲಿಲ್ಲ. ಎದುರಾಳಿ ಅಂಗಡಿಯವರು ಕೂತು ಬೆಲೆ ಮಾತಾಡಿಕೊಳ್ಳಬಾರದೆಂದು ಅವಳಿಗೆ ಗೊತ್ತಿತ್ತು.

ಮರುದಿನ ಯಜಮಾನರಿಗೆ ಎಲ್ಲವನ್ನೂ ಹೇಳಿದಳು. ಅವರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು.

"ಅಂದ್ರೆ ನಾವು ನೋಡಿದ್ದಕ್ಕೇ ಅವರು ಇಳಿಸಿದ್ದು."

"ಹೌದು ಸಾರ್. ಇನ್ಮೇಲೆ ನಮ್ಮ ಪ್ರೋಗ್ರಾಮು ಎಲ್ಲಿಗೆ ಹೋದ್ರೂ ನಮ್ಮ ಅಂಗಡಿ ಹೆಸರು, ಈಮೇಲ್ ಹೇಳ್ಕೊಂಡು ಹೋಗ್ಲಿ. ಹಾಗೆ ಬರೆಸೋಕೆ ಆಗತ್ತೆ. ಬಂದೋರು ಯಾರು ಅಂತ ಅವರಿಗೂ ಗೊತ್ತಾಗತ್ತೆ."

"ಬೇಡ ಅಂತ ಬಾಗಿಲು ಹಾಕ್ಕೊಂಡ್ರೆ?"

"ಹಾಕ್ಕೊಳ್ಳಲಿ ಸಾರ್. 'ಓದಲಾಗಲಿಲ್ಲ' ಅಂತ ಬರೀತೀನಿ."

ಯಜಮಾನರು ನಿಟ್ಟುಸಿರುಬಿಟ್ಟು ಒಪ್ಪಿದರು.

ಕೆಲವು ದಿನಗಳಾದ ಮೇಲೆ ಸಾರಾಂಶದಲ್ಲಿ ಆ ಮೆಷಿನ್ ಏರಿಕೆಯ ಸಾಲಿಗೆ ಬಂತು. ಅಷ್ಟು ಏರಿದ್ದು ನಿಜವೇ ಎಂದು ಪುಟವನ್ನು ಕೈಯಾರೆ ತೆರೆದಳು. ಬೆಲೆ ಸರಿಯಾಗಿಯೇ ಇತ್ತು. ಕೆಳಗೆ ಹೊಸದೊಂದು ಸಾಲು: 'ದುಡ್ಡು ಸಾಲದಿದ್ದರೆ ಅಂಗಡಿಗೆ ಬಂದು ಮಾತಾಡಿ.'

ಬೆಲೆಯೂ ಅಲ್ಲ, ಸ್ಟಾಕೂ ಅಲ್ಲ. ಪ್ರೋಗ್ರಾಮು ಅದನ್ನು ಎತ್ತಿಕೊಂಡಿರಲಿಲ್ಲ. ಸಾರಾಂಶಕ್ಕೆ ಸೇರಿಸಲೇ ಎಂದು ಯೋಚಿಸಿದಳು. ಯಾವ ಕಾಲಮಿಗೂ ಹೊಂದಲಿಲ್ಲ. ಕಣ್ಣುಜ್ಜಿಕೊಂಡು ಮುಂದಿನ ಪುಟ ತೆರೆದಳು.