ಗಂಟು ಯಾವ ಬಣ್ಣದ್ದು?

ದೊಡ್ಡ ಆಸ್ಪತ್ರೆಯ ಹೊಲಿಗೆ ಕೋಣೆ ನೆಲಮಹಡಿಗಿಂತ ಎಂಟು ಮೆಟ್ಟಿಲು ಕೆಳಗಿತ್ತು. ಒಂದು ಕಡೆ ಬಟ್ಟೆ ಒಗೆಯುವ ಲಾಂಡ್ರಿ, ಇನ್ನೊಂದು ಕಡೆ ಬಾಯ್ಲರ್. ನಡುವೆ ಸಿಕ್ಕ ಜಾಗದಲ್ಲಿ ಎರಡು ಹೊಲಿಗೆ ಯಂತ್ರ, ಒಂದು ಉದ್ದ ಮೇಜು, ಹರಿದ ಬಟ್ಟೆ ತುಂಬಿದ ಮೂರು ಬುಟ್ಟಿ. ಕಿಟಕಿ ಎತ್ತರದಲ್ಲಿತ್ತು. ಅದರಲ್ಲಿ ಹೋಗಿ ಬರುವವರ ಕಾಲು ಮಾತ್ರ ಕಾಣುತ್ತಿತ್ತು. ಚಪ್ಪಲಿ ನೋಡಿಯೇ ದೊಡ್ಡಮ್ಮ, "ನೋಡು, ಡಾಕ್ಟರು ಇವತ್ತು ಲೇಟು" ಅನ್ನುತ್ತಿದ್ದಳು.

ಮೂವತ್ತೊಂದು ವರ್ಷ ಅವಳು ಅಲ್ಲಿ ಕೂತು ಹೊಲಿದಳು. ಹೆತ್ತ ತಾಯಿ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಇತ್ತು. ಉಳಿದಂತೆ ಲಾಂಡ್ರಿಯವನಿಂದ ಹಿಡಿದು ಮೇಟ್ರನ್‌ವರೆಗೆ ಎಲ್ಲರಿಗೂ ಅವಳು ದೊಡ್ಡಮ್ಮ. ಮಾತು ಕಡಿಮೆ, ಕೈ ಚುರುಕು. ಕತ್ತರಿ ಇಟ್ಟ ಜಾಗದಲ್ಲೇ ಇರಬೇಕು, ಇಲ್ಲದಿದ್ದರೆ ಆ ದಿನ ಮುಖ ಗಂಟು ಹಾಕಿಕೊಂಡೇ ಇರುತ್ತಿದ್ದಳು.

ಮೊದಲೆಲ್ಲ ಅವಳು ಕಲಿಸುತ್ತಿದ್ದ ರೀತಿ ಬೇರೆ. ಪಕ್ಕದಲ್ಲಿ ಕೂತವರು ಬಾಯಿ ತೆರೆಯುವ ಮೊದಲೇ ಹೇಳಿಬಿಡುತ್ತಿದ್ದಳು. ಹಾಗೆ ಕಲಿತವಳು ಉದ್ದ ಜಡೆಯ ಹುಡುಗಿ ಒಬ್ಬಳು. ನಾಲ್ಕು ವರ್ಷ ಅವಳ ಯಂತ್ರಕ್ಕೆ ಏನಾದರೂ ದೊಡ್ಡಮ್ಮನೇ ಓಡಿಬಂದು ಸರಿಮಾಡಿಕೊಟ್ಟಳು. ಹುಡುಗಿಯೂ ಚಂದವಾಗಿ ಹೊಲಿದಳು. ಬೇರೆ ಊರಿನ ಆಸ್ಪತ್ರೆಯಲ್ಲಿ ಹೊಲಿಗೆ ಕೋಣೆಯೇ ಅವಳ ಕೈಗೆ ಬಂತು. ಆಮೇಲೆ ಶುರುವಾಯಿತು ಫೋನು. ದಾರ ಕಿತ್ತರೆ ಫೋನು, ಸೂಜಿ ಮುರಿದರೆ ಫೋನು. "ದೊಡ್ಡಮ್ಮ, ಈಗ ಏನ್ ಮಾಡ್ಲಿ?"

ಫೋನಿನಲ್ಲಿ ದೊಡ್ಡಮ್ಮನಿಗೆ ಯಂತ್ರ ಕಾಣುವುದಿಲ್ಲವಲ್ಲ. ಕಾಣದೆ ಏನು ಹೇಳುವುದು? ಹಾಗಾಗಿ ಕೇಳಲೇಬೇಕಾಯಿತು. ದಾರ ಎಲ್ಲಿ ಕಿತ್ತಿದೆ? ಸೂಜಿಯ ಹತ್ತಿರವೋ, ಉಂಡೆಯ ಹತ್ತಿರವೋ? ಕಿತ್ತ ತುದಿ ಕತ್ತರಿಸಿದ ಹಾಗಿದೆಯೋ, ಉಜ್ಜಿ ಸವೆದ ಹಾಗಿದೆಯೋ? ಉತ್ತರ ಹೇಳುತ್ತಾ ಹೇಳುತ್ತಾ ಆ ಕಡೆ ಹುಡುಗಿ ಒಮ್ಮೆಲೇ, "ಅಯ್ಯೋ, ಸಿಕ್ತು ಬಿಡಿ" ಅಂದು ಫೋನು ಇಟ್ಟುಬಿಡುತ್ತಿದ್ದಳು. ಏನು ಸಿಕ್ಕಿತು ಎಂದು ಎಷ್ಟೋ ಸಲ ದೊಡ್ಡಮ್ಮನಿಗೆ ಗೊತ್ತೂ ಆಗುತ್ತಿರಲಿಲ್ಲ. ಆರು ತಿಂಗಳಲ್ಲಿ ಫೋನು ನಿಂತೇಹೋಯಿತು. ನಾಲ್ಕು ವರ್ಷ ಎದುರಿಗೆ ಕೂತು ಹೇಳಿದ್ದು ಮಾಡದ ಕೆಲಸವನ್ನು, ಕಣ್ಣಿಗೆ ಕಾಣದೆ ಕೇಳಿದ ನಾಲ್ಕು ಪ್ರಶ್ನೆ ಮಾಡಿತ್ತು. ಇದನ್ನು ದೊಡ್ಡಮ್ಮ ಯಾರಿಗೂ ಹೇಳಲಿಲ್ಲ. ಮನಸ್ಸಿನಲ್ಲಿಟ್ಟುಕೊಂಡಳು.

ಆಮೇಲೆ ಬಂದವಳು ಗುಬ್ಬಿ. ಸಣ್ಣ ಮೈ, ಬಡಬಡ ಮಾತು, ಅದಕ್ಕೇ ಲಾಂಡ್ರಿಯವನು ಇಟ್ಟ ಹೆಸರು ಅದು. ಇಪ್ಪತ್ತಮೂರು ವರ್ಷ. ಮನೆಯಲ್ಲಿ ಹಾಸಿಗೆ ಹಿಡಿದ ಅಪ್ಪ, ಓದುವ ತಂಗಿ. ಈ ಕೆಲಸ ಅವಳಿಗೆ ಬೇಕೇಬೇಕಿತ್ತು.

ಮೊದಲನೇ ವಾರವೇ ದೊಡ್ಡಮ್ಮ ರೋಗಿಗಳು ಹಾಕಿಕೊಳ್ಳುವ ನಿಲುವಂಗಿ ಒಂದನ್ನು ಅವಳ ಮುಂದೆ ಹಾಸಿದಳು. ಚಹಾ ಕುಡಿಯುತ್ತಾ, ಊರ ಸುದ್ದಿ ಕೇಳುವ ಹಾಗೆ ಕೇಳಿದಳು.

"ಇದು ಎಲ್ಲಿ ಹರಿದಿದೆ ನೋಡೇ."

"ಬೆನ್ನ ಹತ್ತಿರ. ಕಟ್ಟೋ ಲಾಡಿ ಇದೆಯಲ್ಲ, ಅದರ ಬುಡದಲ್ಲಿ."

"ಆ ಬುಟ್ಟೀಲಿ ಇನ್ನೂ ಹನ್ನೆರಡಿವೆ. ಅವು?"

ಗುಬ್ಬಿ ಒಂದೊಂದಾಗಿ ತೆಗೆದಳು. "ಎಲ್ಲಾ ಅಲ್ಲೇ!"

"ಯಾಕಿರಬಹುದು?"

"ಎದ್ದು ಕೂರುವಾಗ ಎಳೆಯುತ್ತೆ, ಅದಕ್ಕೆ."

"ಹಂಗಾದ್ರೆ ಹರಿದ ಬಾಯಿ ಮುಚ್ಚಿದ್ರೆ ಸಾಕಾ?"

ಗುಬ್ಬಿ ಬಟ್ಟೆ ತಿರುಗಿಸಿ ಮುರುಗಿಸಿ ನೋಡಿದಳು. ಒಳಗಡೆಯಿಂದ ಒಂದು ಚೌಕ ತುಂಡು ಇಟ್ಟು ಲಾಡಿಯನ್ನು ಅದರ ಮೇಲೆ ಹೊಲಿದಳು. ದೊಡ್ಡಮ್ಮ "ಹೂಂ" ಅಂದಳು, ಅಷ್ಟೇ. ಲೋಟ ತೊಳೆಯಲು ಎದ್ದುಹೋದಳು.

ಎಲ್ಲ ದಿನವೂ ಹೀಗೆ ಸಲೀಸಾಗಿರಲಿಲ್ಲ. ಒಂದು ದಿನ ಗುಬ್ಬಿ ಲಾಂಡ್ರಿಯವನ ಹತ್ತಿರ ಗೊಣಗಿದ್ದು ಗೋಡೆ ದಾಟಿ ಕೇಳಿಸಿತು. "ಗೊತ್ತಿದ್ದೂ ಹೇಳಲ್ಲ ಅಣ್ಣ. ನಾನು ಕಲಿತುಬಿಟ್ರೆ ಅಂತ ಹೊಟ್ಟೆಕಿಚ್ಚು."

"ಹೊಟ್ಟೆಕಿಚ್ಚಾ? ಅವರಿಗೆ ಹೊಟ್ಟೇನೇ ಇಲ್ಲ, ಬರೀ ಚಹಾ," ಅಂದ ಅವನು. "ನಂಗೂ ಹಂಗೇ ಮಾಡ್ತಾರಮ್ಮ. ಗಂಟೆ ಎಷ್ಟು ಅಂತ ಕೇಳಿದ್ರೆ, ನೆರಳು ಎಲ್ಲಿದೆ ಅಂತಾರೆ."

ದೊಡ್ಡಮ್ಮ ಒಳಗೊಳಗೇ ನಕ್ಕಳು. ಆದರೆ ಮಾತು ಮನಸ್ಸಿಗೆ ತಾಗಿತು. ಎಲ್ಲದಕ್ಕೂ ಪ್ರಶ್ನೆ ಹಾಕಿದರೆ ಎದುರಿನವರಿಗೆ ಅದೂ ಒಂದು ಪೀಡೆಯೇ. ಅವತ್ತಿನಿಂದ ಕಣ್ಣಿಂದ ನೋಡಿ ಕಂಡುಕೊಳ್ಳುವಂಥದ್ದನ್ನು ಮಾತ್ರ ಕೇಳಿದಳು. ನೋಡಿದರೂ ಗೊತ್ತಾಗದ್ದನ್ನು, ಅಂದರೆ ಯಾವ ವಾರ್ಡಿಗೆ ಯಾವ ಬಣ್ಣ, ಎಷ್ಟು ಅಳತೆ ಅನ್ನುವುದನ್ನು ನೇರವಾಗಿ ಹೇಳಿದಳು. ಗುಬ್ಬಿಯ ಬೆರಳು ಓಡುವ ಸೂಜಿಯ ಕೆಳಗೆ ಹೋದ ದಿನವಂತೂ ಏನೂ ಕೇಳಲಿಲ್ಲ. ಕೈ ಮೇಲೆ ಫಟ್ ಅಂತ ಒಂದು ಬಿಟ್ಟು, "ತೆಗಿ!" ಅಂದಳು.

ಐದು ತಿಂಗಳು ಹೀಗೆ ಕಳೆಯಿತು. ದೊಡ್ಡಮ್ಮನ ನಿವೃತ್ತಿ ಹತ್ತಿರ ಬಂತು. ಆಗ ಮೇಟ್ರನ್ ಕೆಳಗಿಳಿದು ಬಂದು ಬಾಗಿಲಲ್ಲೇ ನಿಂತು ಹೇಳಿದರು. "ಮೇಲಿನವರು ಹೊಲಿಗೆ ಎಲ್ಲಾ ಹೊರಗಡೆ ಕೊಟ್ಟುಬಿಡೋಣ ಅಂತಿದ್ದಾರೆ ದೊಡ್ಡಮ್ಮ. ಈ ಹುಡುಗಿ ಒಬ್ಬಳೇ ಕೋಣೆ ನಡೆಸ್ತಾಳೆ ಅಂತ ನನಗೆ ಧೈರ್ಯ ಬಂದ್ರೆ ಬೇಡ ಅಂತ ಬರೀತೀನಿ. ಗುರುವಾರ ಬಂದು ನೋಡ್ತೀನಿ." ನಡೆಸಲಾಗದಿದ್ದರೆ ಕೋಣೆಗೆ ಬೀಗ, ಗುಬ್ಬಿಗೆ ಮನೆ. ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಗುರುವಾರ ಬೆಳಿಗ್ಗೆ ಗುಬ್ಬಿ ಬಿಳಿ ದಾರದಲ್ಲಿ ಹೊದಿಕೆ ಹೊಲಿಯುತ್ತಿದ್ದಳು. ಅಷ್ಟರಲ್ಲಿ ಆಪರೇಷನ್ ಕೋಣೆಯಿಂದ ಕರೆ ಬಂತು. ಸಲಕರಣೆ ಸುತ್ತುವ ಹಸಿರು ಬಟ್ಟೆ ಇಪ್ಪತ್ತು, ಎರಡು ಪದರದ್ದು, ಮಧ್ಯಾಹ್ನದೊಳಗೆ ಬೇಕು. ಗುಬ್ಬಿ ತಡಬಡಿಸಿ ಮೇಲಿನ ಬಿಳಿ ದಾರ ಕಿತ್ತು ಹಸಿರು ದಾರ ಪೋಣಿಸಿದಳು. ಕೆಳಗಿನ ಬಾಬಿನ್‌ನಲ್ಲಿ ಬಿಳಿ ದಾರ ತುಂಬ ಇತ್ತು, ಅದನ್ನು ಹಾಗೇ ಬಿಟ್ಟಳು. ಹೊಲಿಗೆ ಹಾಕಿದಳು. ಮೇಲಿನಿಂದ ನೋಡಿದರೆ ಪರವಾಗಿಲ್ಲ. ತಿರುಗಿಸಿದರೆ ಕೆಳಗಡೆ ದಾರ ಕೂದಲ ಸಿಕ್ಕಿನ ಹಾಗೆ ಮುದ್ದೆಯಾಗಿತ್ತು.

ಬಿಚ್ಚಿದಳು, ಮತ್ತೆ ಹೊಲಿದಳು. ಮತ್ತೆ ಮುದ್ದೆ. ಕೆಳಗಡೆ ಮುದ್ದೆ ಅಂದರೆ ಕೆಳಗಿನದೇ ತಪ್ಪು ಎಂದು ಬಾಬಿನ್ ಕೂರುವ ಕೇಸಿನ ತಿರುಪು ಬಿಗಿ ಮಾಡಿದಳು. ಮುದ್ದೆ ಹೋಗಲಿಲ್ಲ. ಇನ್ನಷ್ಟು ಬಿಗಿ ಮಾಡಿದಳು.

ದೊಡ್ಡಮ್ಮ ಎದುರಿನ ಯಂತ್ರದಿಂದ ನೋಡುತ್ತಿದ್ದಳು. ಏನಾಗಿದೆ ಎಂದು ಮೊದಲ ಸಲವೇ ಅವಳಿಗೆ ಗೊತ್ತಾಗಿತ್ತು. ಆತುರದಲ್ಲಿ ಗುಬ್ಬಿ ಬಟ್ಟೆ ಒತ್ತುವ ಪಾದವನ್ನು ಎತ್ತದೆ ದಾರ ಪೋಣಿಸಿದ್ದಳು.

ಅದೇ ಹೊತ್ತಿಗೆ ಮೆಟ್ಟಿಲ ಮೇಲೆ ಮೇಟ್ರನ್ ಹೆಜ್ಜೆ ಕೇಳಿಸಿತು.

ಮೇಟ್ರನ್ ಬಂದು ಮೇಜಿನ ಮೇಲಿನ ಬಟ್ಟೆ ಎತ್ತಿ ತಿರುಗಿಸಿದರು. ಹುಬ್ಬು ಮೇಲೇರಿತು. "ಏನಮ್ಮಾ ಇದು?"

ಗುಬ್ಬಿ ಕಣ್ಣು ತುಂಬಿ ದೊಡ್ಡಮ್ಮನ ಕಡೆ ನೋಡಿದಳು.

"ದೊಡ್ಡಮ್ಮ, ಸುಮ್ಮನೆ ಕೂತಿದ್ದೀರಲ್ಲ. ಹೇಳಿಕೊಡಬಾರದಾ?"

ಹೇಳಿಬಿಡಲೇ ಅನ್ನಿಸಿತು. ಎರಡು ಮಾತು ಸಾಕಿತ್ತು. ನಾಲಿಗೆ ತುದಿಯಲ್ಲೇ ಇತ್ತು. ಹೇಳಿದರೆ ಬಟ್ಟೆ ಉಳಿಯುತ್ತದೆ. ಆದರೆ ಮುಂದಿನ ತಿಂಗಳು ಈ ಕುರ್ಚಿಯಲ್ಲಿ ಯಾರಿರುತ್ತಾರೆ? ಹೇಳದೆ ಬರೀ ಕೇಳಿದರೆ, ಹುಡುಗಿ ಈ ಗಾಬರಿಯಲ್ಲಿ ಕಂಡುಕೊಳ್ಳದೆ ಹೋದರೆ? ದೊಡ್ಡಮ್ಮ ಎದ್ದುಬಂದು ಗುಬ್ಬಿಯ ಪಕ್ಕದ ಸ್ಟೂಲಿನಲ್ಲಿ ಕೂತಳು. ಚಹಾ ಹೊತ್ತಿನ ದನಿಯಲ್ಲೇ ಕೇಳಿದಳು.

"ಗುಬ್ಬೀ, ಆ ಗಂಟು ಯಾವ ಬಣ್ಣದ್ದು?"

"ಅಯ್ಯೋ ದೊಡ್ಡಮ್ಮ, ಈಗ್ಲಾದ್ರೂ..."

"ಬಣ್ಣ ಹೇಳೇ."

ಗುಬ್ಬಿ ಕಣ್ಣು ಒರೆಸಿಕೊಂಡು ಬಗ್ಗಿದಳು. "ಹಸಿರು."

"ಹಸಿರು ದಾರ ಎಲ್ಲಿಂದ ಬರ್ತಿದೆ?"

"ಮೇಲಿಂದ." ಅಂದವಳು ಇನ್ನಷ್ಟು ಬಗ್ಗಿದಳು. "ಕೆಳಗಿನದ್ದು ಬಿಳಿ. ಬಿಳಿ ನೆಟ್ಟಗೇ ಇದೆ. ಮೇಲಿನದೇ ಕೆಳಗೆ ಬಂದು ರಾಶಿ ಬಿದ್ದಿದೆ! ಮೇಲಿನ ದಾರಾನ ಯಾರೂ ಹಿಡಿದೇ ಇಲ್ಲ."

ದೊಡ್ಡಮ್ಮ ಮುಂದೆ ಏನೂ ಕೇಳಲಿಲ್ಲ. ಮೇಟ್ರನ್ ಬಾಯಿ ತೆರೆದರು, ದೊಡ್ಡಮ್ಮ ಅವರ ಕಡೆ ಕೈ ಸ್ವಲ್ಪ ಎತ್ತಿದಳು. ಗುಬ್ಬಿಯ ಬೆರಳು ಉಂಡೆಯಿಂದ ದಾರದ ಹಾದಿ ಹಿಡಿದು ಇಳಿಯಿತು. ದಾರವನ್ನು ಅದುಮಿ ಹಿಡಿಯುವ ಎರಡು ಪುಟ್ಟ ತಟ್ಟೆಗಳ ಹತ್ತಿರ ನಿಂತಿತು. ದಾರ ತಟ್ಟೆಗಳ ನಡುವೆ ಇರಲಿಲ್ಲ, ಅಂಚಿನ ಮೇಲೆ ಕೂತಿತ್ತು. ಎಳೆದು ನೋಡಿದಳು, ಗಾಳಿಯಲ್ಲಿ ಬರುವ ಹಾಗೆ ಬಂತು. ಒಳಗೆ ತಳ್ಳಲು ನೋಡಿದಳು, ಹೋಗಲಿಲ್ಲ. ಬೆಳಿಗ್ಗೆ ಬಿಳಿ ದಾರ ಹೇಗೆ ಪೋಣಿಸಿದ್ದೆ ಎಂದು ತನ್ನಷ್ಟಕ್ಕೇ ಗುನುಗಿದಳು. ಕೈ ತಾನಾಗಿ ಯಂತ್ರದ ಹಿಂದಿನ ಹಿಡಿಗೆ ಹೋಯಿತು, ಪಾದ ಎತ್ತಿತು. ದಾರ ಜಾರಿ ಒಳಗೆ ಕೂತಿತು.

"ಪಾದ ಎತ್ತಿರಲಿಲ್ಲ ನಾನು!"

ಹೊಲಿಯಲು ಹೊರಟವಳು ತಟ್ಟನೆ ನಿಂತಳು. "ತಡೀರಿ, ತಿರುಪು ಬೇರೆ ಕೆಡಿಸಿಟ್ಟಿದ್ದೀನಿ. ಮೊದಲು ಕಾಲು ಸುತ್ತು, ಆಮೇಲೆ ಇನ್ನೊಂದು ಕಾಲು." ಅಷ್ಟೇ ಹಿಂದಕ್ಕೆ ತಿರುಗಿಸಿದಳು. ಬಿಗಿ ಸರಿಯಿದೆಯೇ ಎಂದು ಬಾಬಿನ್ ಕೇಸನ್ನು ದಾರದಿಂದ ನೇತುಹಾಕಿ ಮೆಲ್ಲನೆ ಕುಲುಕಿದಳು. ಅದು ಒಂದೆರಡು ಬೆರಳಷ್ಟು ಇಳಿದು ನಿಂತಿತು. ಆಮೇಲೆ ಒಂದು ಚಿಂದಿಯ ಮೇಲೆ ಹೊಲಿದು ತಿರುಗಿಸಿದಳು. ಕೆಳಗಡೆ ಬಿಳಿಯ ಒಂದೇ ಗೆರೆ, ನೆಟ್ಟಗೆ.

ಮೇಟ್ರನ್ ಚಿಂದಿಯನ್ನು ಬೆಳಕಿಗೆ ಹಿಡಿದು ನೋಡಿದರು.

ಗುಬ್ಬಿಗೆ ಮಾತ್ರ ಸಮಾಧಾನವಾಗಿರಲಿಲ್ಲ. "ದೊಡ್ಡಮ್ಮ, ಪಾದಕ್ಕೂ ತಟ್ಟೆಗೂ ಏನು ಸಂಬಂಧ? ಅದೆಲ್ಲೋ ಕೆಳಗೆ, ಇದೆಲ್ಲೋ ಮೇಲೆ."

ಮೇಟ್ರನ್ ಎದುರಿಗೇ ಇದ್ದರು. ಆದರೂ ದೊಡ್ಡಮ್ಮ, "ಗೊತ್ತಿಲ್ಲ ಕಣೆ," ಅಂದಳು. "ಎತ್ತಿ ಪೋಣಿಸು ಅಂದಿದ್ರು ನಂಗೆ, ಎತ್ತಿ ಪೋಣಿಸಿದೆ. ಯಾಕೆ ಅಂತ ನಾನು ಕೇಳಲೇ ಇಲ್ಲ."

"ಹಂಗಾದ್ರೆ ನೋಡೋಣ?"

ಗುಬ್ಬಿ ಪಾದ ಎತ್ತಿದಳು, ಇಳಿಸಿದಳು. ದೊಡ್ಡಮ್ಮ ಕನ್ನಡಕ ಮೂಗಿಗೇರಿಸಿ ತಟ್ಟೆಗಳ ಹತ್ತಿರಕ್ಕೆ ಮುಖ ತಂದಳು. ಪಾದ ಎದ್ದಾಗ ಎರಡು ತಟ್ಟೆ ಕೂದಲೆಳೆಯಷ್ಟು ಬಿಟ್ಟುಕೊಂಡವು. ಪಾದ ಇಳಿದಾಗ ತುಟಿ ಬಿಗಿದಂತೆ ಮುಚ್ಚಿದವು.

"ಬಾಯಿ ಬಿಡುತ್ತೆ!" ಅಂದಳು ದೊಡ್ಡಮ್ಮ. "ನೋಡೇ, ಬಾಯಿ ಬಿಡುತ್ತೆ!"

ಮೇಟ್ರನ್ ಕೂಡ ಬಗ್ಗಿ ನೋಡಿದರು. ಬಾಗಿಲ ತನಕ ಹೋಗಿ ತಿರುಗಿದರು. "ನೀವಿಲ್ಲದಾಗ ಇವಳಿಗೆ ಗೊತ್ತಿಲ್ಲದ್ದು ಬಂದ್ರೆ ಏನು ಗತಿ ಅಂತ ನನಗೆ ಯೋಚನೆ ಇತ್ತು ದೊಡ್ಡಮ್ಮ. ನಿಮಗೇ ಗೊತ್ತಿಲ್ಲದ್ದನ್ನ ಹುಡುಕಿದಳಲ್ಲ. ಹೊರಗಡೆ ಕೊಡೋದು ಬೇಡ ಅಂತಲೇ ಬರೀತೀನಿ. ಆ ಇಪ್ಪತ್ತು ಬಟ್ಟೆ ಮಾತ್ರ ಹೊತ್ತಿಗೆ ಸರಿಯಾಗಿ ಬರಲಿ, ಆಯ್ತಾ?"

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಅಡಗಿತು. ಗುಬ್ಬಿ ಬಟ್ಟೆ ಎಳೆದುಕೊಂಡು ಹೊಲಿಯಲು ಕೂತಳು. ಆದರೆ ಯಂತ್ರದ ಮುಂದೆ ದೊಡ್ಡಮ್ಮ ಇನ್ನೂ ಬಗ್ಗಿಕೊಂಡೇ ಇದ್ದಳು. ಪಾದ ಎತ್ತುವುದು, ಇಳಿಸುವುದು, ಮತ್ತೆ ಎತ್ತುವುದು.

"ದೊಡ್ಡಮ್ಮ, ಸ್ವಲ್ಪ ಸರೀರಿ. ಇಪ್ಪತ್ತೂ ಬಾಕಿ ಇದೆ."

"ಇರೇ," ಅಂದಳು ದೊಡ್ಡಮ್ಮ, "ಇನ್ನೊಂದೇ ಸಲ."