ತೇಲಿದ ಕಾಳು

ಯಾದಮ್ಮ ನಮ್ಮ ಮೆಕ್ಕೆಜೋಳದ ಸಂಶೋಧನಾ ತೋಟಕ್ಕೆ ಬಂದು ಇಪ್ಪತ್ತೊಂಬತ್ತು ವರ್ಷ. ತೆನೆಯ ರೇಷ್ಮೆಯಂಥ ಕೂದಲಿಗೆ ಬೇರೆ ಪರಾಗ ತಾಗದಂತೆ ಕಾಗದದ ಚೀಲ ತೊಡಿಸುವುದು ಅವಳ ಕೆಲಸ. ಹೀಗೇ ಒಂಬತ್ತು ವರ್ಷ ಕಾದು ಒಂದು ಸಿಹಿ ಮೆಕ್ಕೆಜೋಳದ ತಳಿಯನ್ನು ಉಳಿಸಿಕೊಂಡಿದ್ದಳು. ಈ ಸಲ ಮೂರು ಮೂಟೆ ಬೀಜಕ್ಕೆಂದು ಚೀಲವಿಲ್ಲದೆ ಬಯಲಲ್ಲಿ ಬೆಳೆಸಿದೆವು. ಬೇಲಿಯಾಚೆ ಮಲ್ಲಾರೆಡ್ಡಿ ಕೋಳಿ ಮೇವಿನ ಮೆಕ್ಕೆಜೋಳ ಬಿತ್ತಿದ. ಬೇಡವೆಂದು ಅವಳು ಗಂಟಲು ಹರಿದುಕೊಂಡರೂ ಅವನು ಕೇಳಲಿಲ್ಲ.

ಮಗಳ ಹೆರಿಗೆಗೆಂದು ಎರಡು ದಿನ ಊರಿಗೆ ಹೋಗಿ ಬಂದವಳು ಅಂಗಳದಲ್ಲೇ ನಿಂತುಬಿಟ್ಟಳು. ಹೊಸ ಮೇಲ್ವಿಚಾರಕ ವೇಣುಮಾಧವ ಬೀಜವನ್ನೆಲ್ಲ ಉಪ್ಪುನೀರಿಗೆ ಸುರಿಸಿದ್ದ. ಅವನು ಮೊದಲು ಕೆಲಸ ಮಾಡಿದ್ದ ಭತ್ತದ ಸಂಶೋಧನಾ ಕೇಂದ್ರದ ಅಭ್ಯಾಸ ಅದು: ಮುಳುಗಿದ್ದು ಬೀಜ, ತೇಲಿದ್ದು ಪೊಳ್ಳು. ಮುಳುಗಿದ್ದು ಒಂದೇ ಬುಟ್ಟಿ. ತೇಲಿದ್ದೆಲ್ಲ ತಿಪ್ಪೆಯ ಪಕ್ಕ ಒದ್ದೆಯಾಗಿ ಬಿದ್ದಿತ್ತು, ಕೋಳಿಗಳು ಹಬ್ಬ ಮಾಡುತ್ತಿದ್ದವು. ಮೂರು ಮೂಟೆ ಒಂದು ಬುಟ್ಟಿಯಾದಾಗಲಾದರೂ ಅನುಮಾನ ಬರಬೇಡವೇ? ಅವಳ ಜೊತೆ ಕೆಲಸ ಮಾಡುವ ನನಗಂತೂ ನೋಡಿ ಮೈಯುರಿಯಿತು.

“ಸುಕ್ಕಿದ ಕಾಳು ಯಾಕಮ್ಮಾ? ಇದು ನೋಡು, ಎಷ್ಟು ದುಂಡಗಿದೆ!” ಎಂದ ಅವನು ಬುಟ್ಟಿ ತೋರಿಸಿ.

“ಆ ದುಂಡಗಿರೋದೇ ಹಾದರದ್ದು, ಸಾರ್! ನೀವು ಓದಿದೋರಲ್ವಾ? ಒಂದು ಪರಾಗದಿಂದ ಎಷ್ಟು ಗಂಡುಕಣ ಇಳಿಯುತ್ತೆ, ಹೇಳಿ.”

“ಎರಡು. ಒಂದು ಅಂಡಕ್ಕೆ ಸೇರಿ ಭ್ರೂಣ. ಇನ್ನೊಂದು ತಾಯಿಯ ಎರಡು ಕೋಶಕೇಂದ್ರಗಳಿಗೆ ಸೇರಿ ಭ್ರೂಣಾಹಾರ,” ಎಂದು ಪರೀಕ್ಷೆಗೆ ಕೂತವನಂತೆ ಒಪ್ಪಿಸಿದ.

“ಅಂದ್ರೆ ಮೊಳಕೆಯ ಬುತ್ತೀಲೂ ಅಪ್ಪನ ಪಾಲಿದೆ ಅಂತಾಯ್ತು! ನಮ್ಮ ತಳಿ ಸಕ್ಕರೇನ ಹಿಟ್ಟು ಮಾಡಲ್ಲ, ಅದಕ್ಕೇ ಸಿಹಿ. ಒಣಗಿದ್ರೆ ಒಳಗೆ ತುಂಬಿರೋಕೆ ಹಿಟ್ಟಿಲ್ಲ, ಸುಕ್ಕುತ್ತೆ, ಹಗುರಾಗಿ ತೇಲುತ್ತೆ. ಮಲ್ಲಾರೆಡ್ಡಿ ಜೋಳದ ಒಂದು ಪಾಲು ಬಿದ್ರೆ ಸಾಕು, ಇದೇ ತೆನೇಲೇ ಕಾಳು ಹಿಟ್ಟು ತುಂಬ್ಕೊಂಡು ಉಬ್ಬುತ್ತೆ. ಮೊಳಕೆಯೂ ಅವನದೇ. ನಮ್ಮ ಮಕ್ಕಳನ್ನ ತಿಪ್ಪೆಗೆ ಹಾಕಿ, ಪಕ್ಕದ ಮನೆಯವ್ರನ್ನ ತೊಟ್ಟಿಲಲ್ಲಿ ಮಲಗಿಸಿದ್ದೀರಿ!”

ವೇಣುಮಾಧವನ ಮುಖ ಇಳಿಯಿತು. “ಭತ್ತದಲ್ಲಿ...” ಎಂದು ಶುರುಮಾಡಿದ.

“ಇದು ಭತ್ತ ಅಲ್ಲ!” ಎಂದು ನಾವಿಬ್ಬರೂ ಒಟ್ಟಿಗೇ ಕಿರುಚಿದೆವು.

ಕೋಳಿ ಓಡಿಸಿ, ಕಾಳು ತೊಳೆದು, ನೆರಳಲ್ಲಿ ಗೋಣಿ ಹಾಸಿ ಹರವಿದೆವು. ರಾಶಿಯ ಅಡಿಯಲ್ಲಿದ್ದುದು ಆಗಲೇ ಮೊಳೆತು ಹುಳಿವಾಸನೆ ಬರುತ್ತಿತ್ತು. ಸಂಜೆಗೆ ಉಳಿದದ್ದು ಮುಕ್ಕಾಲು ಮೂಟೆ. ವೇಣುಮಾಧವನೂ ಪ್ಯಾಂಟು ಮಡಚಿ ನೆಲಕ್ಕೆ ಕೂತು, ಅಲ್ಲೊಂದು ಇಲ್ಲೊಂದು ತೇಲಿಬಂದಿದ್ದ ದುಂಡು ಕಾಳನ್ನು ಆರಿಸಿ ತೆಗೆದ. ಮುಳುಗಿದ ಕಾಳಿನ ಆ ಬುಟ್ಟಿಯನ್ನು ಯಾದಮ್ಮ ತಾನೇ ಕೋಳಿಗಳ ಮುಂದೆ ಸುರಿದಳು.

ಆಮೇಲೆ ಒಂದು ಹಿಡಿ ಸುಕ್ಕು ಕಾಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ನಮ್ಮಲ್ಲಿ ಯಾರ ಮೇಲೂ ಅವಳಿಗೆ ನಂಬಿಕೆಯಿರಲಿಲ್ಲ.

“ಬರೋ ತಿಂಗಳು ನಾನು ರಿಟೈರು, ಸಾರ್,” ಎಂದಳು, ಸುಕ್ಕುಗಟ್ಟಿದ ಕೈ ಒರೆಸಿಕೊಳ್ಳುತ್ತ. “ಅಲ್ಲೀವರೆಗೆ ನನ್ನನ್ನ ಉಪ್ಪುನೀರಿಗೆ ಹಾಕ್ಬೇಡಿ.”